ರಾತ್ರಿ ಹತ್ತರ ಮೇಲೆ ಮೈಕ್: ಪುರಸಭೆಯ ಶಬ್ದ ಬೈಲಾವನ್ನು ಊರಿಗೆ ಅರ್ಥವಾಗುವಂತೆ ತಿದ್ದುವುದು ಹೇಗೆ

ಮೊದಲು ಈ ಪ್ಯಾರಾ ಓದಿ. ಇದು ಯಾವುದೋ ಒಂದು ಊರಿನ ಬೈಲಾ ಅಲ್ಲ. ಪುರಸಭೆಯ ಕಡತಗಳಲ್ಲಿ, ಗೋಡೆಗೆ ಅಂಟಿಸಿದ ಪ್ರಕಟಣೆಗಳಲ್ಲಿ ನಾನು ಕಂಡ ವಾಕ್ಯಗಳನ್ನು ಕಲಸಿ ಅಭ್ಯಾಸಕ್ಕೆಂದು ಮಾಡಿಕೊಂಡ ಮಾದರಿ. ಆದರೆ ನಿಮ್ಮ ಊರಿನದೂ ಹೆಚ್ಚುಕಡಿಮೆ ಹೀಗೇ ಇದ್ದರೆ ಆಶ್ಚರ್ಯವಿಲ್ಲ.

"ಪುರಸಭಾ ವ್ಯಾಪ್ತಿಯಲ್ಲಿ ಯಾವುದೇ ವ್ಯಕ್ತಿಯು ಧ್ವನಿವರ್ಧಕ, ವಾದ್ಯ ಅಥವಾ ಶಬ್ದವನ್ನುಂಟುಮಾಡುವ ಇತರೆ ಸಾಧನಗಳನ್ನು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯದ ಹೊರತು ಬಳಸತಕ್ಕದ್ದಲ್ಲವಾಗಿಯೂ, ರಾತ್ರಿ 10 ಗಂಟೆಯ ನಂತರ, ಮುಚ್ಚಿದ ಆವರಣ, ಹಬ್ಬ ಹರಿದಿನ ಹಾಗೂ ತುರ್ತು ಸಂದರ್ಭಗಳನ್ನು ಹೊರತುಪಡಿಸಿ, ಮತ್ತು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಮುತ್ತ ಯಾವುದೇ ಸಮಯದಲ್ಲಿ, ಸದರಿ ಸಾಧನಗಳನ್ನಾಗಲೀ ಕಟ್ಟಡ ನಿರ್ಮಾಣದ ಯಂತ್ರಗಳನ್ನಾಗಲೀ ಬಳಸುವುದನ್ನು ನಿಷೇಧಿಸಲಾಗಿದ್ದು, ಸದರಿ ನಿಬಂಧನೆಗಳನ್ನು ಉಲ್ಲಂಘಿಸಿದ್ದಲ್ಲಿ ಅಂತಹವರ ವಿರುದ್ಧ ನಿಯಮಾನುಸಾರ ದಂಡ ವಿಧಿಸಿ ಸೂಕ್ತ ಕ್ರಮ ಜರುಗಿಸಲಾಗುವುದು."

ಇಡೀ ಪ್ಯಾರಾ ಒಂದೇ ವಾಕ್ಯ. ಉದ್ದವೇ ತೊಂದರೆ ಎಂದುಕೊಂಡು ಅದನ್ನು ಆರು ತುಂಡು ಮಾಡಿ ಕೈತೊಳೆದುಕೊಳ್ಳಬಹುದು. ಹಾಗೆ ಮಾಡಿದರೆ ಆರು ಚಿಕ್ಕ ಗೊಂದಲಗಳು ಸಿಗುತ್ತವೆ, ಅಷ್ಟೆ. ಪಕ್ಕದ ಬೀದಿಯಲ್ಲಿ ರಾತ್ರಿ ಹತ್ತೂವರೆಗೆ ಡಿಜೆ ಹೊಡೆಯುತ್ತಿದೆ. ಮನೆಯಲ್ಲಿ ಮಗುವಿಗೆ ಜ್ವರ. ಆ ಹೊತ್ತಿನಲ್ಲಿ ಒಬ್ಬರಿಗೆ ಬೇಕಾದದ್ದು ಮೂರು ಉತ್ತರ. ಇದು ಈಗ ನಡೆಯಬಹುದೇ? ನಡೆಯಬಹುದು ಎಂದರೆ ಯಾವ ಆಧಾರದ ಮೇಲೆ, ಎಷ್ಟು ಗಂಟೆಯ ತನಕ? ನಡೆಯಬಾರದು ಎಂದರೆ ಯಾರಿಗೆ ಹೇಳಬೇಕು, ತಪ್ಪಿದವರಿಗೆ ಏನಾಗುತ್ತದೆ? ಮೇಲಿನ ಪ್ಯಾರಾ ಈ ಮೂರಕ್ಕೂ ಉತ್ತರ ಕೊಡುವುದಿಲ್ಲ. ಮೈಕ್ ಸೆಟ್ಟಿನ ಯಜಮಾನನಿಗೂ ಇದರಿಂದ ಉಪಯೋಗವಿಲ್ಲ. ಅವನಿಗೂ ಬೇಕಾದದ್ದು ಅದೇ ಮೂರು ಉತ್ತರ.

ಪೆನ್ನು ಹಿಡಿಯುವ ಮೊದಲು ಮೇಜಿನ ಮೇಲೆ ಏನೇನಿರಬೇಕು

ಬೈಲಾದ ಪ್ಯಾರಾ ಒಂದನ್ನೇ ಇಟ್ಟುಕೊಂಡು ತಿದ್ದಲು ಕೂರಬೇಡಿ. ಅದರ ಮೇಲೆ ಒಂದು ದೊಡ್ಡ ಕಾನೂನಿದೆ: ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಅಡಿಯಲ್ಲಿ ಕೇಂದ್ರ ಸರ್ಕಾರ ಮಾಡಿದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000. ಪುರಸಭೆ ತನ್ನ ಬೈಲಾದಲ್ಲಿ ಆ ನಿಯಮಗಳಿಗಿಂತ ಬಿಗಿಯಾಗಿರಬಹುದೇ ಎಂದು ವಾದ ಮಾಡಬಹುದು. ಅದಕ್ಕಿಂತ ಸಡಿಲವಾಗಿರಲು ಮಾತ್ರ ಸಾಧ್ಯವಿಲ್ಲ. ಹಾಗಾಗಿ ಆ ನಿಯಮಗಳ ತಿದ್ದುಪಡಿಯಾದ ಪ್ರತಿ ಬೇಕು. ಮೂಲ ಪ್ರತಿ ಸಾಲದು, ಏಕೆಂದರೆ 2010ರಲ್ಲಿ ಮುಖ್ಯ ಬದಲಾವಣೆಗಳಾಗಿವೆ. ಜೊತೆಗೆ ಹಬ್ಬದ ದಿನಗಳ ಬಗ್ಗೆ ಈ ವರ್ಷ ಸರ್ಕಾರ ಹೊರಡಿಸಿದ ಆದೇಶ, ದಂಡದ ಮೊತ್ತ ನಿಗದಿ ಮಾಡಿದ ಪುರಸಭೆಯ ನಿರ್ಣಯ, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನಿಶ್ಶಬ್ದ ವಲಯ ಎಂದು ಅಧಿಸೂಚನೆಯಾದ ಜಾಗಗಳ ಪಟ್ಟಿ, ಇಷ್ಟು ಒಟ್ಟಿಗಿರಲಿ. ಕೊನೆಯ ಎರಡು ಸಿಗದೆ ಹೋಗುವುದೇ ಹೆಚ್ಚು. ಸಿಗಲಿಲ್ಲ ಎಂಬುದೂ ಒಂದು ಉತ್ತರವೇ: ಬೈಲಾದಲ್ಲಿ ಆ ಮಾತು ಯಾಕೆ ಮುಸುಕಾಗಿದೆ ಎಂಬುದು ಅಲ್ಲಿಗೆ ಗೊತ್ತಾಗುತ್ತದೆ.

ವಾಕ್ಯವನ್ನು ಚೀಟಿಗಳಾಗಿ ಬಿಡಿಸುವುದು

ನಾನು ಇದನ್ನು ನಿಜವಾಗಿ ಚೀಟಿಯಲ್ಲೇ ಮಾಡುತ್ತೇನೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಒಂದೊಂದು ಚೀಟಿಯ ಮೇಲೆ ಒಂದೊಂದು ನಿಯಮ. ಪ್ರತಿ ಚೀಟಿಯಲ್ಲೂ ಐದು ಸಂಗತಿ ಬರಬೇಕು: ಯಾರು, ಏನನ್ನು, ಎಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಮಾಡಬಾರದು, ಯಾವುದು ಬಿಟ್ಟು. ಪ್ಯಾರಾದಲ್ಲಿ ಉತ್ತರ ಇಲ್ಲದ ಕಡೆ ಖಾಲಿ ಬಿಟ್ಟು ಕೆಂಪು ಸುತ್ತು ಹಾಕಿ. ಊಹಿಸಿ ತುಂಬಬೇಡಿ.

ಈ ಮಾದರಿಯನ್ನು ಬಿಡಿಸಿದರೆ ನಾಲ್ಕು ಚೀಟಿ ಬರುತ್ತವೆ. ಒಂದು, ಅನುಮತಿ ಇಲ್ಲದೆ ಬಳಸುವುದು. ಎರಡು, ರಾತ್ರಿ ಬಳಸುವುದು. ಮೂರು, ಆಸ್ಪತ್ರೆ, ಶಾಲೆ, ನ್ಯಾಯಾಲಯದ ಬಳಿ ಬಳಸುವುದು. ನಾಲ್ಕು, ಕಟ್ಟಡದ ಯಂತ್ರ. ದಂಡ ಯಾವ ಚೀಟಿಗೆ ಸೇರಿದ್ದು ಎಂದು ಹೇಳದ ಕಾರಣ ಅದು ಐದನೆಯ, ಅಂತರಪಿಶಾಚಿ ಚೀಟಿಯಾಗಿ ಉಳಿಯುತ್ತದೆ.

ಮೊದಲ ಚೀಟಿಯನ್ನು ತುಂಬುವಾಗಲೇ ಒಂದು ವಿಚಿತ್ರ ಕಾಣುತ್ತದೆ. "ಧ್ವನಿವರ್ಧಕ, ವಾದ್ಯ ಅಥವಾ... ಪೂರ್ವಾನುಮತಿ ಪಡೆಯದ ಹೊರತು ಬಳಸತಕ್ಕದ್ದಲ್ಲ" ಎಂದರೆ, ಸಂಜೆ ಐದಕ್ಕೆ ಮನೆಯಲ್ಲಿ ಮೃದಂಗ ಅಭ್ಯಾಸ ಮಾಡುವ ಹುಡುಗನಿಗೂ ಅನುಮತಿಪತ್ರ ಬೇಕು! ಬರೆದವರ ಉದ್ದೇಶ ಇದಾಗಿರಲಾರದು. ಕೇಂದ್ರದ ನಿಯಮದಲ್ಲಿ ಲಿಖಿತ ಅನುಮತಿ ಬೇಕಿರುವುದು ಧ್ವನಿವರ್ಧಕಕ್ಕೆ, ಸಾರ್ವಜನಿಕವಾಗಿ ಸಾರುವ ಮೈಕ್ ವ್ಯವಸ್ಥೆಗೆ. ವಾದ್ಯಗಳ ಮಾತು ಬರುವುದು ರಾತ್ರಿಯ ನಿರ್ಬಂಧದಲ್ಲಿ. ಎರಡನ್ನೂ ಒಂದೇ ಪಟ್ಟಿಗೆ ತುರುಕಿದ್ದರಿಂದ ಹಗಲಿಗೆ ಅತಿಯಾಯಿತು.

ಇದರ ತಿರುಗುಮುರುಗು ತಪ್ಪೂ ಇದೆ. ಎಷ್ಟೋ ಪ್ರಕಟಣೆಗಳಲ್ಲಿ "ರಾತ್ರಿ 10ರ ನಂತರ ಧ್ವನಿವರ್ಧಕ ನಿಷೇಧ" ಎಂದಷ್ಟೇ ಇರುತ್ತದೆ. ಆಗ ಜನ ಮೈಕ್ ಆಫ್ ಮಾಡಿ ಡೊಳ್ಳು, ತಮಟೆ, ಬ್ಯಾಂಡ್ ಮುಂದುವರಿಸುತ್ತಾರೆ. "ಮೈಕ್ ಇಲ್ವಲ್ಲ ಸಾರ್" ಎಂದು ಅವರು ಹೇಳುವುದು ಆ ಬೋರ್ಡಿನ ಮಟ್ಟಿಗೆ ಸರಿಯೇ. ಆದರೆ 2010ರಿಂದ ಈಚೆಗೆ ನಿಯಮದಲ್ಲಿ ಶಬ್ದ ಮಾಡುವ ಉಪಕರಣ, ಸಂಗೀತ ವಾದ್ಯ ಎಲ್ಲವೂ ರಾತ್ರಿಯ ನಿರ್ಬಂಧದೊಳಗೆ ಬಂದಿವೆ.

ಹೊತ್ತನ್ನು ಎರಡೂ ತುದಿ ಹಿಡಿದು ಬರೆಯಿರಿ

"ರಾತ್ರಿ 10 ಗಂಟೆಯ ನಂತರ" ಎಂಬುದಕ್ಕೆ ಆರಂಭವಿದೆ, ಮುಕ್ತಾಯವಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಸುಪ್ರಭಾತ ಹಾಕಿದರೆ ಅದು ಹತ್ತರ ನಂತರವೋ ಅಲ್ಲವೋ? ನಿಯಮದ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಬೈಲಾದಲ್ಲೂ ಎರಡೂ ತುದಿ ಇರಲಿ, "ಮರುದಿನ" ಎಂಬ ಪದವೂ ಇರಲಿ. ಆ ಪದ ಯಾಕೆ ಬೇಕೆಂಬುದು ದಂಡದ ಹೊತ್ತಿಗೆ ಗೊತ್ತಾಗುತ್ತದೆ.

ಹನ್ನೆರಡು ಗಂಟೆಯದು ಇನ್ನೊಂದು ಕಿರಿಕಿರಿ. "ಶನಿವಾರ 12 ಗಂಟೆಯವರೆಗೆ" ಎಂದರೆ ಮಧ್ಯಾಹ್ನವೋ ರಾತ್ರಿಯೋ, ರಾತ್ರಿ ಎಂದರೆ ಶನಿವಾರ ಮುಗಿಯುವ ಹನ್ನೆರಡೋ ಶುರುವಾಗುವ ಹನ್ನೆರಡೋ? "ಶನಿವಾರ ರಾತ್ರಿ 10ರಿಂದ ಅದೇ ರಾತ್ರಿ 12ರವರೆಗೆ" ಎಂದರೆ ಮುಗಿಯಿತು. ಮಾತಿನಲ್ಲಿ ನಮಗೆ ಶನಿವಾರ ರಾತ್ರಿ ಎಂದರೆ ಭಾನುವಾರ ಬೆಳಗಾಗುವ ತನಕ. ಕಾನೂನಿನ ದಿನಾಂಕ ಹನ್ನೆರಡಕ್ಕೇ ಬದಲಾಗುತ್ತದೆ. ಈ ಎರಡರ ನಡುವಿನ ಸಂದಿಯಲ್ಲಿ ಬಹಳ ಜಗಳಗಳು ನಡೆಯುತ್ತವೆ.

ಹೊತ್ತಿನ ಬಗ್ಗೆ ಇನ್ನೂ ಒಂದು ತಪ್ಪು ತಿಳಿವಳಿಕೆ ಬೈಲಾದ ಬರವಣಿಗೆಯಿಂದಲೇ ಹುಟ್ಟುತ್ತದೆ. ರಾತ್ರಿ ಹತ್ತರ ಮಾತನ್ನಷ್ಟೇ ದಪ್ಪಕ್ಷರದಲ್ಲಿ ಬರೆದರೆ, ಹತ್ತರ ತನಕ ಎಷ್ಟು ಜೋರಾದರೂ ಹಾಕಬಹುದು ಎಂದು ಜನ ಓದಿಕೊಳ್ಳುತ್ತಾರೆ. ಹಗಲಿಗೂ ಮಿತಿಯಿದೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಸಾರ್ವಜನಿಕ ಜಾಗದಲ್ಲಿ ಮೈಕ್ ಹಾಕಿದರೆ ಆ ಜಾಗದ ಗಡಿಯಲ್ಲಿ ಅಳೆದಾಗ ಈ ಮಿತಿಗಿಂತ 10 ಹೆಚ್ಚು ಇರಬಹುದು, ಅಥವಾ 75. ಎರಡರಲ್ಲಿ ಯಾವುದು ಕಡಿಮೆಯೋ ಅದು.

ಈ "ಯಾವುದು ಕಡಿಮೆಯೋ ಅದು" ಎಂಬುದನ್ನು ಹಾಗೆಯೇ ಬೈಲಾಕ್ಕೆ ಇಳಿಸಬೇಡಿ. ಲೆಕ್ಕವನ್ನು ನೀವೇ ಮಾಡಿ ಉತ್ತರ ಬರೆಯಿರಿ. ವಸತಿ ಬೀದಿಯ ಮೈದಾನದಲ್ಲಿ ಹಗಲು: 55ಕ್ಕೆ 10 ಸೇರಿದರೆ 65, ಅದು 75ಕ್ಕಿಂತ ಕಡಿಮೆ, ಹಾಗಾಗಿ 65. ಪೇಟೆ ಬೀದಿಯಲ್ಲಿ: 65ಕ್ಕೆ 10 ಸೇರಿದರೆ 75. ಓದುಗರಿಗೆ ಬೇಕಾದದ್ದು ಈ ಎರಡು ಅಂಕಿ. ಸೂತ್ರ ಕಡತದಲ್ಲಿರಲಿ. ಅಂದಹಾಗೆ, ಮೊಬೈಲಿನ ಆ್ಯಪ್ ತೋರಿಸುವ ಒಂದು ಕ್ಷಣದ ಅಂಕಿಗೂ ಇದಕ್ಕೂ ಹೋಲಿಕೆಯಿಲ್ಲ. ಇಲ್ಲಿನ ಮಿತಿ ಒಂದಷ್ಟು ಹೊತ್ತಿನ ಸರಾಸರಿಯ ಲೆಕ್ಕ, ಅಳೆಯುವುದೂ ಅದಕ್ಕೆಂದೇ ಇರುವ ಮೀಟರಿನಲ್ಲಿ. ರಾತ್ರಿಯ ದೂರಿಗಾದರೆ ಅಂಕಿಯ ಗೊಡವೆಯೇ ಬೇಕಿಲ್ಲ. ರಾತ್ರಿಯ ನಿರ್ಬಂಧ ಮುರಿದಿದ್ದಾರೆ ಎಂಬುದೇ ದೂರಿಗೆ ಸಾಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಬೈಲಾದಲ್ಲಿ ಈ ಒಂದು ಮಾತು ಬಂದರೆ, ಮನೆಯವರು ಮೊಬೈಲ್ ಹಿಡಿದು ಕಿಟಕಿಯಲ್ಲಿ ನಿಲ್ಲುವುದು ತಪ್ಪುತ್ತದೆ.

"ಹೊರತುಪಡಿಸಿ" ಎಂಬ ಪದವನ್ನು ಬೆನ್ನಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ನಡುವೆ ಸಿಕ್ಕಿಸಿದ "ಹೊರತುಪಡಿಸಿ" ಹಿಂದಿನದಕ್ಕೆ ಅಂಟಿದೆಯೋ ಮುಂದಿನದಕ್ಕೋ ಎಂದು ಓದುಗ ವಾಕ್ಯ ಮುಗಿಯುವ ತನಕ ಉಸಿರು ಹಿಡಿದು ಕಾಯಬೇಕು. ಮುಗಿದ ಮೇಲೂ ಗೊತ್ತಾಗದಿರಬಹುದು. ನಮ್ಮ ಮಾದರಿಯಲ್ಲಿ ಹಬ್ಬದ ವಿನಾಯಿತಿ ರಾತ್ರಿಯ ನಿಯಮಕ್ಕೆ ಮಾತ್ರವೇ, ಆಸ್ಪತ್ರೆಯ ಬಳಿಗೂ ಉಂಟೇ, ಹಬ್ಬದ ದಿನ ಕಾಂಕ್ರೀಟ್ ಮಿಕ್ಸರ್ ಕೂಡ ಓಡಿಸಬಹುದೇ? ಮೂರು ಥರವಾಗಿಯೂ ಓದಬಹುದು.

ವಿನಾಯಿತಿಗಳನ್ನು ಒಂದೊಂದಾಗಿ ಕಿತ್ತು, ಅದು ಯಾವ ಚೀಟಿಗೆ ಸೇರಬೇಕೆಂದು ಮೇಲಿನ ಕಾನೂನಿನಲ್ಲಿ ನೋಡಿ.

ಮುಚ್ಚಿದ ಆವರಣ: ಸಭಾಂಗಣ, ಸಮುದಾಯ ಭವನ, ಔತಣದ ಹಾಲ್ ಇಂಥ ಮುಚ್ಚಿದ ಜಾಗದ ಒಳಗೆ, ಒಳಗಿರುವವರಿಗೆ ಕೇಳುವುದಕ್ಕೆ ಮಾತ್ರ ರಾತ್ರಿಯೂ ಬಳಸಬಹುದು. "ಆವರಣ" ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಸುತ್ತ ಕಾಂಪೌಂಡ್ ಇದ್ದರೆ ಅದೂ ಆವರಣವೇ ಎಂದು ಕಲ್ಯಾಣ ಮಂಟಪದವರು ಹಿತ್ತಲಿನ ಶಾಮಿಯಾನದಲ್ಲಿ ಆರ್ಕೆಸ್ಟ್ರಾ ಇಟ್ಟುಕೊಳ್ಳುತ್ತಾರೆ. "ಗೋಡೆ, ಚಾವಣಿ ಇರುವ ಕಟ್ಟಡದ ಒಳಗೆ" ಎಂದು ಬರೆದು, ಶಾಮಿಯಾನ, ಪೆಂಡಾಲ್, ತೆರೆದ ಅಂಗಳ ಇದರಲ್ಲಿ ಸೇರುವುದಿಲ್ಲ ಎಂದು ಬಿಡಿಸಿ ಹೇಳುವುದು ನನಗೆ ಸರಿ ಕಾಣುತ್ತದೆ.

ಹಬ್ಬ ಹರಿದಿನ: ಇದು ಅತ್ಯಂತ ಅಪಾಯದ ಪದ. ನಮ್ಮಲ್ಲಿ ಹಬ್ಬ ಹರಿದಿನಕ್ಕೆ ಕೊನೆಯೆಲ್ಲಿ? ಕಾನೂನು ಕೊಟ್ಟಿರುವುದು ಬಹಳ ಚಿಕ್ಕ ಕಿಂಡಿ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ರಾತ್ರಿ 10ರಿಂದ 12ರವರೆಗೆ, ವರ್ಷಕ್ಕೆ ಒಟ್ಟು 15 ದಿನ ಮೀರದಂತೆ, ರಾಜ್ಯ ಸರ್ಕಾರ ಷರತ್ತು ಹಾಕಿ ಧ್ವನಿವರ್ಧಕಕ್ಕೆ ಅವಕಾಶ ಕೊಡಬಹುದು. ಆ ದಿನಗಳು ಯಾವುವು ಎಂಬುದನ್ನು ಸಾಮಾನ್ಯವಾಗಿ ಮುಂಚೆಯೇ ತಿಳಿಸಬೇಕು. ದಿನಗಳನ್ನಾಗಲೀ ಆ ಎರಡು ಗಂಟೆಯನ್ನಾಗಲೀ ಹಿಗ್ಗಿಸುವಂತಿಲ್ಲ, ಈ ವಿನಾಯಿತಿ ನಿಶ್ಶಬ್ದ ವಲಯಕ್ಕೆ ಇಲ್ಲವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿತು. ಪುರಸಭೆಗೆ ತನ್ನದೇ ಹಬ್ಬದ ಪಟ್ಟಿ ಮಾಡುವ ಅಧಿಕಾರವಿಲ್ಲ. ಊರ ಜಾತ್ರೆ ಎಷ್ಟೇ ಹಳೆಯದಿರಲಿ, ಬೈಲಾದಲ್ಲಿ ಅದರ ಹೆಸರು ಸೇರಿಸಿದ ಮಾತ್ರಕ್ಕೆ ವಿನಾಯಿತಿ ಹುಟ್ಟುವುದಿಲ್ಲ. ಕರಾವಳಿಯಲ್ಲಿ ಇಡೀ ರಾತ್ರಿ ಆಡುತ್ತಿದ್ದ ಯಕ್ಷಗಾನ ಮೇಳವೂ ಈ ನಿಯಮದ ಕಾರಣಕ್ಕೆ ಕಾಲಮಿತಿಗೆ ಬಂದದ್ದುಂಟು. ನನಗೂ ಅದು ಬೇಸರದ ಸಂಗತಿಯೇ. ಆದರೆ ಆ ಬೇಸರವನ್ನು ಬೈಲಾದ ಪದಗಳಲ್ಲಿ ಮೆತ್ತಗೆ ತೂರಿಸುವುದು ತಿದ್ದುವವನ ಕೆಲಸವಲ್ಲ.

ತುರ್ತು ಸಂದರ್ಭ: ನಿಯಮದ ಮಾತು "ಸಾರ್ವಜನಿಕ ತುರ್ತು". ಬರೀ "ತುರ್ತು" ಎಂದರೆ ನಾಳೆಯೇ ಗೃಹಪ್ರವೇಶ ಎಂಬುದೂ ತುರ್ತಾಗುತ್ತದೆ. ನೆರೆ, ಬೆಂಕಿ ಎಂದು ಒಂದೆರಡು ಉದಾಹರಣೆ ಕೊಡಿ.

ಕಟ್ಟಡದ ಯಂತ್ರದ ಚೀಟಿ ಬೇರೆಯೇ ರೀತಿ. ಕೇಂದ್ರದ ನಿಯಮ ಹೇಳುವುದು ವಸತಿ ಪ್ರದೇಶದಲ್ಲೂ ನಿಶ್ಶಬ್ದ ವಲಯದಲ್ಲೂ ಶಬ್ದ ಮಾಡುವ ನಿರ್ಮಾಣ ಯಂತ್ರವನ್ನು ರಾತ್ರಿ ಬಳಸಬಾರದು ಎಂದು. ನಮ್ಮ ಹಳೆಯ ಪ್ಯಾರಾ ಓದಿದರೆ ಶಾಲೆಯ ಬಳಿ ಹಗಲೂ ಬಳಸಬಾರದು. ಹಾಗಾದರೆ ಶಾಲೆಯದೇ ಹೊಸ ಕೊಠಡಿ ಕಟ್ಟುವುದು ಹೇಗೆ? ಇದು ಬೇಕೆಂದೇ ಬರೆದದ್ದೋ, ವಾಕ್ಯ ಜಾರಿದ್ದೋ ನಿಮಗೆ ಗೊತ್ತಿಲ್ಲ. ಇಂಥ ಕಡೆ ಸದ್ದಿಲ್ಲದೆ "ಸರಿಪಡಿಸ"ಬೇಡಿ. ಪ್ರಶ್ನೆ ಬರೆದು ಮುಖ್ಯಾಧಿಕಾರಿಯ, ಕೌನ್ಸಿಲ್ಲಿನ ಮುಂದಿಡಿ. ಭಾಷೆ ತಿದ್ದುವ ನೆಪದಲ್ಲಿ ಕಾನೂನು ಬದಲಾಯಿಸಿಬಿಡುವುದು ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು, ಮಾಡಿದವರಿಗೆ ಮಾಡಿದ್ದು ಗೊತ್ತೂ ಆಗುವುದಿಲ್ಲ.

ದಂಡ: "ಲಾಗುವುದು" ಅಂದರೆ ಯಾರಿಂದ?

"ಸೂಕ್ತ ಕ್ರಮ ಜರುಗಿಸಲಾಗುವುದು." ಸರ್ಕಾರಿ ಕನ್ನಡದಲ್ಲಿ ಇಷ್ಟು ನೆಮ್ಮದಿಯ ವಾಕ್ಯ ಇನ್ನೊಂದಿಲ್ಲ, ಇದರಲ್ಲಿ ಯಾರೂ ಏನೂ ಮಾಡಬೇಕಿಲ್ಲ. ತಿದ್ದುವಾಗ ಪ್ರತಿ "ಲಾಗುವುದು"ವಿನ ಪಕ್ಕ "ಯಾರು?" ಎಂದು ಬರೆದುಕೊಳ್ಳಿ. ಉತ್ತರ ಸಿಕ್ಕಮೇಲೆ ವಾಕ್ಯ ತಾನೇ ನೇರವಾಗುತ್ತದೆ: "ಪುರಸಭೆಯ ಮುಖ್ಯಾಧಿಕಾರಿ ದಂಡ ವಿಧಿಸುತ್ತಾರೆ."

"ಸಕ್ಷಮ ಪ್ರಾಧಿಕಾರ"ದ ಕಥೆಯೂ ಇದೇ. ಕೇಂದ್ರದ ನಿಯಮದಲ್ಲಿ ಪ್ರಾಧಿಕಾರ ಎಂದರೆ ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಆಯುಕ್ತರು, ಅಥವಾ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನಿಯೋಜಿತ ಅಧಿಕಾರಿ. ಪುರಸಭೆಯ ಹೆಸರು ನೇರವಾಗಿ ಅಲ್ಲಿಲ್ಲ. ಬೈಲಾದಲ್ಲಿ ಹುದ್ದೆಯ ಹೆಸರು ಬರೆಯದಿದ್ದರೆ ಅರ್ಜಿದಾರ ಠಾಣೆಗೆ ಹೋದಾಗ "ಪುರಸಭೆಗೆ ಹೋಗಿ", ಪುರಸಭೆಗೆ ಹೋದಾಗ "ಠಾಣೆಗೆ ಹೋಗಿ". ನಿಮ್ಮ ಊರಿನಲ್ಲಿ ಯಾರ ನಿಯೋಜನೆಯಾಗಿದೆ ಎಂದು ಕೇಳಿ, ಅದನ್ನೇ ಬರೆಯಿರಿ.

ದಂಡದ್ದು ಎರಡು ಬೇರೆ ಬೇರೆ ಲೆಕ್ಕ. ಬೈಲಾ ಮುರಿದದ್ದಕ್ಕೆ ಪುರಸಭೆ ಹಾಕುವ ದಂಡ ಒಂದು. ಕೇಂದ್ರದ ಕಾಯ್ದೆಯಡಿ ಬೀಳುವುದು ಇನ್ನೊಂದು. "ನಿಯಮಾನುಸಾರ" ಎಂಬ ಪದ ಎರಡನ್ನೂ ಒಂದೇ ಗೋಣಿಗೆ ತುಂಬಿಬಿಡುತ್ತದೆ. ಎರಡನೆಯದರಲ್ಲಿ ಈಚೆಗೆ ದೊಡ್ಡ ಬದಲಾವಣೆಯಾಗಿದೆ. ಮೊದಲು ಪರಿಸರ ಕಾಯ್ದೆಯ 15ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇತ್ತು. 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ ಆ ಜೈಲು ಹೋಗಿ, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಅದನ್ನು ತೀರ್ಮಾನಿಸುವುದು ಅದಕ್ಕೆಂದು ನೇಮಕವಾದ ಅಧಿಕಾರಿ. ಬೀಟ್ ಪೊಲೀಸರು ರಸ್ತೆಯಲ್ಲಿ ನಿಂತು ರಸೀದಿ ಹರಿಯುವ ವಿಷಯವಲ್ಲ. "ಐದು ವರ್ಷ ಸೆರೆವಾಸ" ಎಂದು ಬರೆದ ಹಳೆಯ ಬೋರ್ಡು ಇನ್ನೂ ನಿಂತಿದ್ದರೆ ಅದು ಸುಳ್ಳು ಬೋರ್ಡು.

ಇದರಿಂದ ನಾನು ಕಲಿತ ಒಂದು ಪದ್ಧತಿ: ಬೈಲಾದೊಳಗೆ ಪುರಸಭೆಯ ದಂಡದ ಮೊತ್ತವನ್ನು ಅಂಕಿಯಲ್ಲೇ ಬರೆಯಿರಿ, ಅದು ನಿಮ್ಮ ಕೈಯಲ್ಲಿರುವುದು. ಕೇಂದ್ರದ ದಂಡವನ್ನು ಕಾಯ್ದೆಯ ಹೆಸರು ಹೇಳಿ ಬಿಟ್ಟು, ಅಂಕಿಯನ್ನು ಜನರಿಗೆ ಹಂಚುವ ಕರಪತ್ರದಲ್ಲಿ ದಿನಾಂಕ ಸಹಿತ ಹಾಕಿ. ದೆಹಲಿಯಲ್ಲಿ ತಿದ್ದುಪಡಿಯಾದಾಗ ಬೈಲಾ ಹಳಸುವುದಿಲ್ಲ.

ಇನ್ನು ಆ "ಮರುದಿನ". ದಂಡ "ದಿನಕ್ಕೆ ಇಷ್ಟು" ಎಂದಿದ್ದರೆ, ಶನಿವಾರ ರಾತ್ರಿ ಹನ್ನೊಂದರಿಂದ ಒಂದರವರೆಗೆ ಮೈಕ್ ಹಾಕಿದವನದು ಒಂದು ದಿನವೋ ಎರಡೋ? ದಿನಾಂಕ ನೋಡಿದರೆ ಎರಡು. ಜನರ ಲೆಕ್ಕದಲ್ಲಿ ಒಂದು ರಾತ್ರಿ. "ಒಂದು ರಾತ್ರಿಯ ಉಲ್ಲಂಘನೆಯನ್ನು ಒಂದೇ ಎಂದು ಎಣಿಸಬೇಕು" ಎಂಬ ಒಂದು ಸಾಲು ಈ ತಕರಾರನ್ನು ತೀರಿಸುತ್ತದೆ. ಹಾಗೆಯೇ ದಂಡ ಯಾರು ಕಟ್ಟಬೇಕು? ಅನುಮತಿ ಪಡೆದವರೇ, ಮೈಕ್ ಸೆಟ್ಟಿನವರೇ, ಹಾಲ್ ಬಾಡಿಗೆಗೆ ಕೊಟ್ಟವರೇ? "ಅಂತಹವರ ವಿರುದ್ಧ" ಎಂದರೆ ಮೂವರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಇದೂ ಕೌನ್ಸಿಲ್ ತೀರ್ಮಾನಿಸಬೇಕಾದದ್ದು. ಕೆಳಗಿನ ಕರಡಿನಲ್ಲಿ ನಾನೊಂದು ಆಯ್ಕೆ ಬರೆದಿದ್ದೇನೆ, ಅಷ್ಟೆ.

ತಿದ್ದಿದ ಮೇಲೆ

1. ಪದಗಳು. "ರಾತ್ರಿ" ಎಂದರೆ ರಾತ್ರಿ 10 ಗಂಟೆಯಿಂದ ಮರುದಿನ ಬೆಳಿಗ್ಗೆ 6 ಗಂಟೆಯವರೆಗೆ. "ಧ್ವನಿವರ್ಧಕ" ಎಂಬುದರಲ್ಲಿ ಮೈಕ್, ಡಿಜೆ ಮತ್ತು ಬ್ಯಾಟರಿ ಸ್ಪೀಕರ್ ಸೇರಿವೆ. "ವಾದ್ಯ" ಎಂಬುದರಲ್ಲಿ ಡೊಳ್ಳು, ತಮಟೆ ಮತ್ತು ಬ್ಯಾಂಡ್ ಸೇರಿವೆ. "ನಿಶ್ಶಬ್ದ ವಲಯ" ಎಂದರೆ ಅನುಬಂಧದಲ್ಲಿ ಹೆಸರಿಸಿದ ಜಾಗಗಳು.

2. ಹಗಲು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಬಳಸಲು (ಹುದ್ದೆಯ ಹೆಸರು) ಅವರ ಲಿಖಿತ ಅನುಮತಿ ಪಡೆಯಬೇಕು. ಅನುಮತಿ ಇದ್ದರೂ ಆ ಜಾಗದ ಗಡಿಯಲ್ಲಿ ಶಬ್ದ ವಸತಿ ಪ್ರದೇಶದಲ್ಲಿ 65, ವಾಣಿಜ್ಯ ಪ್ರದೇಶದಲ್ಲಿ 75 ಡೆಸಿಬಲ್ ಮೀರಬಾರದು.

3. ರಾತ್ರಿ. ರಾತ್ರಿ ಯಾರೂ ಧ್ವನಿವರ್ಧಕವನ್ನಾಗಲಿ ವಾದ್ಯವನ್ನಾಗಲಿ ಬಳಸಬಾರದು.

4. ರಾತ್ರಿಯ ನಿಯಮಕ್ಕೆ ಮೂರೇ ವಿನಾಯಿತಿ.
 (ಅ) ಗೋಡೆ, ಚಾವಣಿ ಇರುವ ಕಟ್ಟಡದ ಒಳಗೆ, ಒಳಗಿರುವವರಿಗೆ ಕೇಳಲು ಮಾತ್ರ. ಶಾಮಿಯಾನ, ಪೆಂಡಾಲ್, ತೆರೆದ ಅಂಗಳ ಇದರಲ್ಲಿ ಸೇರುವುದಿಲ್ಲ.
 (ಆ) ನೆರೆ, ಬೆಂಕಿಯಂಥ ಸಾರ್ವಜನಿಕ ತುರ್ತಿನಲ್ಲಿ.
 (ಇ) ಸರ್ಕಾರದ ಆದೇಶದಲ್ಲಿ ಆ ವರ್ಷಕ್ಕೆ ಹೆಸರಿಸಿದ ಉತ್ಸವದ ದಿನಗಳಲ್ಲಿ, ಆದೇಶದ ಷರತ್ತಿನಂತೆ ಧ್ವನಿವರ್ಧಕಕ್ಕೆ, ರಾತ್ರಿ 10ರಿಂದ ಅದೇ ರಾತ್ರಿ 12ರವರೆಗೆ. 12 ಗಂಟೆಗೆ ಶಬ್ದ ನಿಂತಿರಬೇಕು.

5. ನಿಶ್ಶಬ್ದ ವಲಯ. ಇಲ್ಲಿ ಹಗಲಾಗಲಿ ರಾತ್ರಿಯಾಗಲಿ ಧ್ವನಿವರ್ಧಕ ಬಳಸಬಾರದು, ಡೋಲು ಬಡಿಯಬಾರದು, ಶಬ್ದ ಮಾಡುವ ಪಟಾಕಿ ಹಚ್ಚಬಾರದು. 4(ಇ)ರ ಉತ್ಸವದ ವಿನಾಯಿತಿ ಇಲ್ಲಿಗೆ ಅನ್ವಯಿಸುವುದಿಲ್ಲ.

6. ಕಟ್ಟಡದ ಕೆಲಸ. ವಸತಿ ಪ್ರದೇಶದಲ್ಲೂ ನಿಶ್ಶಬ್ದ ವಲಯದಲ್ಲೂ ಶಬ್ದ ಮಾಡುವ ನಿರ್ಮಾಣ ಯಂತ್ರವನ್ನು ರಾತ್ರಿ ಬಳಸಬಾರದು. 4ರ ವಿನಾಯಿತಿಗಳು ಇದಕ್ಕಿಲ್ಲ.

7. ದಂಡ. 2ರಿಂದ 6ರವರೆಗಿನ ಯಾವುದೇ ನಿಯಮ ಮುರಿದರೆ ಪುರಸಭೆಯ ಮುಖ್ಯಾಧಿಕಾರಿ ಮೊದಲ ಸಲಕ್ಕೆ ____ ರೂಪಾಯಿ, ಅದೇ ವರ್ಷ ಮತ್ತೆ ಮುರಿದರೆ ಪ್ರತಿ ಸಲಕ್ಕೆ ____ ರೂಪಾಯಿ ದಂಡ ವಿಧಿಸುತ್ತಾರೆ. ಅನುಮತಿ ಪಡೆದವರಿದ್ದರೆ ಅವರು, ಇಲ್ಲದಿದ್ದರೆ ಕಾರ್ಯಕ್ರಮ ಅಥವಾ ಕೆಲಸ ನಡೆಸುತ್ತಿರುವವರು ದಂಡ ಕಟ್ಟಬೇಕು. ಒಂದು ರಾತ್ರಿಯ ಉಲ್ಲಂಘನೆಯನ್ನು ಒಂದೇ ಎಂದು ಎಣಿಸಬೇಕು. ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಅಡಿಯಲ್ಲಿ ನಡೆಯಬಹುದಾದ ಕ್ರಮ ಇದಕ್ಕೆ ಹೊರತಾದದ್ದು.

8. ದೂರು. ಶಬ್ದ ನಡೆಯುತ್ತಿರುವಾಗ 112ಕ್ಕೆ ಅಥವಾ ಪೊಲೀಸ್ ಠಾಣೆಗೆ ತಿಳಿಸಿ. ರಾತ್ರಿಯ ದೂರಿಗೆ ಡೆಸಿಬಲ್ ಅಳತೆ ಬೇಕಿಲ್ಲ.

"ತಕ್ಕದ್ದಲ್ಲ" ಹೋಗಿ "ಬಾರದು" ಬಂದಿದೆ. ಬಲವೇನೂ ಕಡಿಮೆಯಾಗಿಲ್ಲ. "ಪಡೆಯದ ಹೊರತು ಬಳಸತಕ್ಕದ್ದಲ್ಲ" ಎಂಬ ಎರಡು ನಿಷೇಧದ ಗಂಟು "ಪಡೆಯಬೇಕು" ಎಂದು ಬಿಚ್ಚಿಕೊಂಡಿದೆ. ಒಂದು ವಸ್ತುವಿಗೆ ಎಲ್ಲ ಕಡೆ ಒಂದೇ ಹೆಸರು ಇರಲಿ. ಚೆಂದಕ್ಕೆಂದು ಒಮ್ಮೆ ಧ್ವನಿವರ್ಧಕ, ಒಮ್ಮೆ ಶಬ್ದ ಸಾಧನ ಎಂದರೆ ಎರಡೂ ಬೇರೆ ಎಂದು ವಾದಿಸಲು ಒಬ್ಬರು ಬರುತ್ತಾರೆ.

ಓದಿಸಿ ನೋಡುವುದು

"ಅರ್ಥವಾಯಿತಾ?" ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. ಒಂದು ಸನ್ನಿವೇಶ ಕೊಟ್ಟು ಉತ್ತರ ಹುಡುಕಲು ಹೇಳಿ. ನಾನು ಬಳಸುವುದು ಇದು: ಗಣಪತಿ ವಿಸರ್ಜನೆಯ ಮೆರವಣಿಗೆ, ಆ ದಿನ ಸರ್ಕಾರದ ಪಟ್ಟಿಯಲ್ಲಿದೆ. ರಾತ್ರಿ ಹತ್ತೂಮುಕ್ಕಾಲಿಗೆ ಅದು ನಿಶ್ಶಬ್ದ ವಲಯವಾದ ಆಸ್ಪತ್ರೆ ರಸ್ತೆಗೆ ತಿರುಗುತ್ತದೆ. ಮುಂದೆ ಡಿಜೆ, ಹಿಂದೆ ತಮಟೆ. ಯಾವುದು ನಡೆಯಬಹುದು?

ಹಳೆಯ ಪ್ಯಾರಾ ಹಿಡಿದವರು ಹಬ್ಬ ತಾನೇ, ಎಲ್ಲವೂ ನಡೆಯಬಹುದು ಎಂದರು. ಒಬ್ಬರು ಯಾವುದೂ ನಡೆಯಬಾರದು ಎಂದರು. ಹೊಸದರಲ್ಲಿ ಬೆರಳಿಟ್ಟು ಓದಿದರೆ 4(ಇ)ರಿಂದ ಡಿಜೆಗೆ ಹನ್ನೆರಡರ ತನಕ ಅವಕಾಶ, ಆಸ್ಪತ್ರೆ ರಸ್ತೆಗೆ ಬಂದಕೂಡಲೇ 5ರಿಂದ ಅದು ಬಂದ್, ರಸ್ತೆ ದಾಟಿದಮೇಲೆ ಮತ್ತೆ ಶುರು. ತಮಟೆಗೆ? 4(ಇ)ಯಲ್ಲಿ ಧ್ವನಿವರ್ಧಕ ಮಾತ್ರ ಇದೆ, ಏಕೆಂದರೆ ಕೇಂದ್ರದ ನಿಯಮದಲ್ಲೂ ಆ ಕಿಂಡಿ ಧ್ವನಿವರ್ಧಕಕ್ಕೇ. ಬೀದಿಗೆ ಕೇಳುವ ಡಿಜೆ ಸರಿ, ಅದಕ್ಕಿಂತ ಮೆಲ್ಲಗಿನ ತಮಟೆ ತಪ್ಪು ಎಂಬ ಈ ಎಡವಟ್ಟು ಹಳೆಯ ವಾಕ್ಯದಲ್ಲಿ ಯಾರಿಗೂ ಕಂಡಿರಲಿಲ್ಲ. ಸ್ಪಷ್ಟವಾಗಿ ಬರೆದಮೇಲೆ ಎದ್ದು ಕಾಣುತ್ತದೆ. ಇದನ್ನು ಕೆಂಪು ಸುತ್ತು ಹಾಕಿ ಮೇಲಕ್ಕೆ ಕಳಿಸಿ, ಬೈಲಾದಲ್ಲಿ ನೀವೇ "ವಾದ್ಯ" ಎಂದು ಸೇರಿಸಬೇಡಿ.

ಮೈಕ್ ಸೆಟ್ಟಿನವರೊಬ್ಬರಿಗೆ ಓದಿಸಿದಾಗ ಅವರು ಕನ್ನಡಕ ಹಣೆಗೆ ಏರಿಸಿ ಕೇಳಿದ್ದು: "ಹನ್ನೆರಡು ಅಂದ್ರೆ ಮೈಕ್ ಆಫ್ ಮಾಡಕ್ಕೆ ಶುರು ಮಾಡೋದಾ, ಆಫ್ ಆಗಿರೋದಾ? ಕೊನೇ ಹಾಡು ಅಂತ ಹೇಳಿ ಇಪ್ಪತ್ ನಿಮಿಷ ಎಳೀತಾರೆ ಸಾರ್." 4(ಇ)ಯ ಕೊನೆಯ ವಾಕ್ಯ ಅವರ ಕೊಡುಗೆ. "ಬ್ಯಾಟರಿ ಸ್ಪೀಕರ್" ಕೂಡ ಅವರದೇ.

ಅನುಬಂಧವನ್ನು ಕೊನೆಗೆ ಬಿಟ್ಟರೂ ಅದನ್ನು ಬಿಡುವಂತಿಲ್ಲ. "ಆಸ್ಪತ್ರೆಯ ಸುತ್ತ 100 ಮೀಟರ್" ಎಂದು ಬರೆದರೆ ಬೀದಿಯಲ್ಲಿ ನಿಂತವನಿಗೆ ಏನೂ ತಿಳಿಯದು: ಗೇಟಿನಿಂದಲೋ, ವಾರ್ಡಿನ ಗೋಡೆಯಿಂದಲೋ? ಅದೂ ಅಲ್ಲದೆ 2017ರ ತಿದ್ದುಪಡಿಯ ನಂತರ, ಸರ್ಕಾರ ಅಧಿಸೂಚನೆ ಹೊರಡಿಸದ ಜಾಗ ನಿಶ್ಶಬ್ದ ವಲಯವಾಗುವುದಿಲ್ಲ. ಆದ್ದರಿಂದ ಅಧಿಸೂಚನೆಯಾದ ಜಾಗಗಳನ್ನಷ್ಟೇ ತೆಗೆದುಕೊಂಡು, ಟೇಪ್ ಹಿಡಿದು ಹೋಗಿ, ಗಡಿಯನ್ನು ಊರಿನವರ ಗುರುತಿನಲ್ಲಿ ಬರೆಯಿರಿ: ಈ ಅಂಗಡಿಯ ಮೂಲೆಯಿಂದ ಆ ಅರಳಿಕಟ್ಟೆಯವರೆಗೆ. ಅಧಿಸೂಚನೆಯೇ ಆಗಿಲ್ಲದಿದ್ದರೆ 5ನೇ ಕಲಮು ಸದ್ಯಕ್ಕೆ ಕಾಗದದ ಮೇಲಷ್ಟೇ ಇರುತ್ತದೆ, ಮೊದಲ ಪತ್ರ ಆ ಅಧಿಸೂಚನೆಗಾಗಿ ಹೋಗಬೇಕು.

ಈ ಹೊಸ ಪ್ಯಾರಾ ತಾನಾಗಿಯೇ ಬೈಲಾ ಆಗುವುದಿಲ್ಲ. ಕೌನ್ಸಿಲ್ ಒಪ್ಪಬೇಕು, ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಮಂಜೂರಾತಿ ಬರಬೇಕು. ಅಲ್ಲಿಯ ತನಕ ಹಳೆಯದೇ ಕಾನೂನು. ನಡುವೆ ಕರಪತ್ರ ಹಂಚುವುದಿದ್ದರೆ ಮೇಲೆ "ಇದು ವಿವರಣೆ, ಬೈಲಾದ ಮೂಲ ಪಠ್ಯವಲ್ಲ" ಎಂದು, ಕೆಳಗೆ ಮುದ್ರಿಸಿದ ತಿಂಗಳು ಮತ್ತು ವರ್ಷ ಹಾಕಿ.